ದೋಣಿಯ ಮೇಲೆ ಇಡಬಾರದಿದ್ದ ಹೆಜ್ಜೆ

ಎರಡು ಸಾವಿರದ ಏಳೋ ಎಂಟೋ ಇರಬೇಕು. ಕಾರವಾರದಲ್ಲಿ ಒಂದು ಮೊಬೈಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ನಾನೂ ನನ್ನ ಗೆಳೆಯನೂ ಸೇರಿ ಕಂಪ್ಯೂಟರ್ ಗೇಮ್ ಮಾಡುತ್ತಿದ್ದೆವು. ಸದಾಶಿವಗಡದ ಅವನದು ಪ್ರೋಗ್ರಾಮಿಂಗ್, ಅಂಕೋಲೆಯ ನನ್ನದು ಅನಿಮೇಷನ್. ನಮ್ಮ ನಾಯಕ ಮೀನುಗಾರ, ಅವನ ಆಯುಧ ದೋಣಿಯ ಹುಟ್ಟು. ಪುಣೆಯ ಪ್ರಕಾಶಕರೊಬ್ಬರು ಒಂದೇ ದೃಶ್ಯ ಕೇಳಿದ್ದರು, ದೋಣಿಯ ಮೇಲಿನ ಹೊಡೆದಾಟ. ಶನಿವಾರದೊಳಗೆ ಅದು ಸರಿಹೋಗದಿದ್ದರೆ ಎರಡು ವರ್ಷದ ಕೆಲಸಕ್ಕೆ ಅಲ್ಲಿಗೇ ಮಂಗಳ.

ಹುಟ್ಟು ಬೀಸುವುದನ್ನು ಮೀನು ಹಿಡಿಯುವ ನನ್ನ ಅಪ್ಪನಿಂದಲೇ ಮಾಡಿಸಿ ಚಿತ್ರೀಕರಿಸಿದ್ದೆ. ಕ್ಯಾಮೆರಾ ಎರವಲು ತಂದದ್ದು, ಉಪ್ಪುನೀರು ತಾಗಿದರೆ ಗತಿಯೇನು ಎಂದು ಅವನನ್ನು ದಂಡೆಯ ಮರಳ ಮೇಲೆಯೇ ನಿಲ್ಲಿಸಿದೆ. ಎರಡು ದಾಪುಗಾಲು, ಆಮೇಲೆ ಹೊಡೆತ. ಅದನ್ನು ನೋಡಿ ನೋಡಿ ಅನಿಮೇಷನ್ನಿನ ಒಂದೊಂದೇ ಫ್ರೇಮನ್ನು ಕೂಡಿಸಿದ್ದೆ. ಆ ಎರಡು ಹೆಜ್ಜೆಗಳ ಮೇಲೆ ನನಗೆ ವಿಪರೀತ ಮೋಹ.

ಆದ್ದರಿಂದ ರೂಟ್ ಮೋಷನ್ ಬೇಕೇ ಬೇಕು ಎಂದು ಹಟ ಹಿಡಿದೆ. ಅಂದರೆ, ಪಾತ್ರವನ್ನು ಆಡಿಸುವ ಅಸ್ಥಿಪಂಜರದ ಬೇರು ಎಲುಬು ಅನಿಮೇಷನ್ನಿನಲ್ಲಿ ಎಷ್ಟು ಮುಂದೆ ಹೋಗುತ್ತದೋ, ಪಾತ್ರ ಎಲ್ಲಿದೆ, ಯಾವುದಕ್ಕೆ ತಾಗಿತು ಎಂದು ಆಟ ಅಳೆಯುವ, ಅದರ ಸುತ್ತಲಿನ ಕಣ್ಣಿಗೆ ಕಾಣದ ಕೋಶವನ್ನೂ ಅಷ್ಟೇ ದೂರ ಒಯ್ಯುವುದು. ಊರಿದ ಕಾಲು ಊರಿದಲ್ಲೇ ಇರುತ್ತದೆ. ಗೆಳೆಯನಿಗೆ ಬೇಕಿದ್ದದ್ದು ಇನ್‌ಪ್ಲೇಸ್. ಅದರಲ್ಲಿ ಪಾತ್ರ ಇದ್ದಲ್ಲೇ ಆಡುತ್ತದೆ, ಕೋಶವನ್ನು ಎಷ್ಟು ಸರಿಸಬೇಕೆಂಬುದನ್ನು ಅವನ ಕೋಡ್ ಹೇಳುತ್ತದೆ.

"ನಿನ್ನ ಕೋಡ್ ತಳ್ಳಿದ್ರೆ ಕಾಲು ಜಾರ್ತದೆ ಮಾರಾಯ. ಎಣ್ಣೆ ಚೆಲ್ಲಿದ ನೆಲದ ಮೇಲೆ ನಡ್ದಂಗೆ ಕಾಣ್ತದೆ," ಎಂದೆ.

"ಮತ್ತೆ ನಿನ್ನ ಹೆಜ್ಜೆ ನಾಲ್ಕಡಿ ಅಂದ್ರೆ ನಾಲ್ಕೇ ಅಡಿ. ವೈರಿ ಎರಡಡೀಲಿ ನಿಂತಿದ್ರೂ ಅದಕ್ಕೆ ಗೊತ್ತಾಗೂದಿಲ್ಲ ಮಾರಾಯ್ತಿ," ಎಂದ ಅವನು.

ಕೊನೆಗೆ ಗೆದ್ದದ್ದು ನಾನೇ. ಆಟದಲ್ಲಿ ಮೊದಲೇ ಇದ್ದ ಮರಳ ದಂಡೆಯ ದೃಶ್ಯದಲ್ಲಿ ಹೊಡೆತ ಎಷ್ಟು ಚಂದ ಬಂತೆಂದರೆ ಅವನೇ ಅದನ್ನು ಇನ್ನೊಮ್ಮೆ ಹಾಕಿ ನೋಡಿದ. ಗುರುವಾರ ಅದನ್ನೇ ದೋಣಿಗೆ ತಂದೆವು. ನಾಯಕ ಎರಡು ಹೆಜ್ಜೆ ಹಾಕಿ, ಹುಟ್ಟು ಬೀಸಿ, ಸೀದಾ ಸಮುದ್ರಕ್ಕೆ ಬಿದ್ದ. ಅಂಚಿಗೆ ಕಾಣದ ಗೋಡೆ ಕಟ್ಟಿದೆವು. ಈಗ ಕೋಶ ಗೋಡೆಗೆ ತಾಗಿ ನಿಂತಿತು, ಕಾಲು ಮಾತ್ರ ನಡೆಯುತ್ತಲೇ ಇತ್ತು. ನಾನು ಹೆದರಿದ ಅದೇ ಜಾರಾಟ, ಅದೂ ನನ್ನದೇ ಹೆಜ್ಜೆಯಿಂದ. ಸಿಟ್ಟಿಗೆ ಮೌಸನ್ನು ಮೇಜಿಗೆ ಕುಕ್ಕಿದೆ.

ಮರುದಿನ ಬೆಳಿಗ್ಗೆ ಅಪ್ಪ ಬಲೆಯ ದಾರ ಕೊಳ್ಳಲು ಕಾರವಾರಕ್ಕೆ ಬಂದವನು ನಮ್ಮ ಕೋಣೆಗೂ ಹತ್ತಿ ಬಂದ. ಪರದೆ ನೋಡಿದ್ದೇ ಹೊಟ್ಟೆ ಹಿಡಿದು ನಗತೊಡಗಿದ.

"ಎಂತಾ ಮಗಾ ಇದು? ದೋಣಿ ಮೇಲೆ ಯಾರಾದ್ರೂ ನಡೀತಾರೇನೆ?"

"ನೀನೇ ಅಲ್ವಾ ಅಪ್ಪಾ ಹಂಗೆ ಮಾಡಿ ತೋರ್ಸಿದ್ದು?"

"ಮರಳ ಮೇಲೆ ನಿಲ್ಸಿದ್ದು ನೀನು. ಮರಳ ಮೇಲೆ ಹೊಡಿಯೂದು ಹಂಗೇಯ."

ಮೂಲೆಯ ಕಸಬರಿಗೆ ಎತ್ತಿಕೊಂಡು, ಕಾಲು ಅಗಲಿಸಿ ನಿಂತ. "ಕೂತ್ಕ ಇಲ್ಲಿ. ಕೈ ಇಡು ಪಾದದ ಮೇಲೆ," ಎಂದ. ನಾನು ನೆಲದ ಮೇಲೆ ಕುಳಿತು ಅವನ ಎರಡೂ ಪಾದಗಳ ಮೇಲೆ ಅಂಗೈ ಇಟ್ಟೆ. ಅವನು ಬೀಸಿದ. ಕಸಬರಿಗೆ ನನ್ನ ತಲೆಯ ಮೇಲಿಂದ ಸುಂಯ್ ಎಂದು ಹೋಯಿತು. ಪಾದ ಕೂದಲೆಳೆಯಷ್ಟೂ ಕದಲಲಿಲ್ಲ. ಆದರೆ ಚರ್ಮದ ಕೆಳಗೆ ಇಡೀ ದೇಹದ ಭಾರ ಹಿಮ್ಮಡಿಯಿಂದ ಹೆಬ್ಬೆರಳಿಗೆ ಹರಿದು, ಸೊಂಟ ತಿರುಗುತ್ತಿದ್ದಂತೆ ಇನ್ನೊಂದು ಕಾಲಿಗೆ ದಾಟಿ, ತಿರುಗಿ ಬಂತು. ಎರಡು ವರ್ಷ ಎಲುಬುಗಳನ್ನು ತಿರುಗಿಸುತ್ತ ಕೂತವಳಿಗೆ ಇಷ್ಟು ದೊಡ್ಡ ಚಲನೆ ಒಂದಡಿಯೂ ಸರಿಯದೆ ಆಗಬಹುದೆಂದು ಹೊಳೆದಿರಲಿಲ್ಲ.

"ಇನ್ನೊಂದ್ಸಲ, ಅಪ್ಪಾ," ಎಂದೆ. ಏಳೆಂಟು ಸಲ ಬೀಸಿದ. ಗೆಳೆಯ ಬಾಯಿ ತೆರೆದುಕೊಂಡು ನೋಡುತ್ತಿದ್ದ.

ಆ ದಿನವೇ ದೋಣಿಯ ಹೊಡೆತವನ್ನು ಹೊಸದಾಗಿ, ಇನ್‌ಪ್ಲೇಸ್ ಮಾಡಿದೆ. ಕೋಶ ನಿಂತಲ್ಲೇ ಇತ್ತು. ವೈರಿಯನ್ನು ಮುಟ್ಟಲು ಹುಟ್ಟಿನ ಉದ್ದವೇ ಸಾಕಾಯಿತು. ಜಾರಲು ಹೆಜ್ಜೆಯೇ ಇರಲಿಲ್ಲ. ಮರಳಿನ ಹೊಡೆತವನ್ನು ರೂಟ್ ಮೋಷನ್ನಿನಲ್ಲೇ ಉಳಿಸಿಕೊಂಡೆವು, ಅಲ್ಲಿ ದೇಹವೇ ದೂರ ಕ್ರಮಿಸುತ್ತಿತ್ತಲ್ಲ. ಓಡುತ್ತ ಓಡುತ್ತ ಕೊಡುವ ಸಣ್ಣ ಏಟನ್ನು ಗೆಳೆಯನ ಕೋಡಿಗೆ ಬಿಟ್ಟುಕೊಟ್ಟೆ. ವೈರಿ ಎಲ್ಲಿದ್ದಾನೆಂದು ಅಳೆದು ಕೋಶವನ್ನು ಸರಿಸಬೇಕಾದದ್ದು ಅಲ್ಲಿ ಆಟದ ಕೋಡೇ. ಶನಿವಾರ ದೃಶ್ಯ ಪುಣೆಗೆ ಹೋಯಿತು, ವಾರದೊಳಗೆ ಒಪ್ಪಿಗೆ ಬಂತು.

ಕುಣಿದಾಡಬೇಕಿತ್ತು. ನಾನು ಮಾತ್ರ ಆ ದೃಶ್ಯವನ್ನೇ ಮತ್ತೆ ಮತ್ತೆ ಹಾಕಿಕೊಂಡು ಕುಳಿತೆ. ನಮ್ಮ ಕೇರಿಯಲ್ಲಿ ಹೆಣ್ಣುಮಕ್ಕಳು ದೋಣಿ ಹತ್ತುವುದಿಲ್ಲ. ದೋಣಿ ನೂಕಿಕೊಂಡು ಹೋಗುವ ಅಪ್ಪ, ಬುಟ್ಟಿ ಹೊತ್ತು ತಿರುಗಿ ಬರುವ ಅಪ್ಪ, ನಾನು ಕಂಡದ್ದು ಅಷ್ಟೇ. ಹೆಜ್ಜೆಯ ತಪ್ಪನ್ನು ಆ ಎರವಲು ಕ್ಯಾಮೆರಾದ ಮೇಲೆ ಹಾಕಿಬಿಡಬಹುದಿತ್ತು. ನಿಜವೆಂದರೆ, ಇಪ್ಪತ್ತೈದು ವರ್ಷ ನಾನು ಅವನನ್ನು ನೋಡಿದ್ದೇ ಮರಳ ಮೇಲೆ.