ಬರೀ ಹೆಸರಿನವರು

ಬಿಳಿ ಬೋರ್ಡಿನ ಮೇಲೆ ನಾನು ಬರೆದಿದ್ದ ಆ ಪಟ್ಟಿಯ ಫೋಟೊ ಈಗಲೂ ನನ್ನ ಫೋನಿನಲ್ಲಿದೆ. ಅಳಿಸೋಣವೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ, ಅಳಿಸಿಲ್ಲ. ನನ್ನ ಜಾಣತನಕ್ಕೆ ಒಂದು ಸಾಕ್ಷಿ ಇರಲಿ ಎಂದು ಹಾಗೇ ಬಿಟ್ಟಿದ್ದೇನೆ.

ಕೆಂಗೇರಿ ದಾಟಿದ ಮೇಲೆ ಇರುವ ಒಂದು ಜಪಾನಿ ಕಾರ್ಖಾನೆಯಲ್ಲಿ ನಾನು ದುಭಾಷಿ. ಅಲ್ಲಿ ಗಾಡಿಗಳ ಬ್ರೇಕಿಗೆ ಬೇಕಾದ ರಬ್ಬರ್ ಪೈಪು ಮಾಡುತ್ತಾರೆ. ಬಸವೇಶ್ವರನಗರದ ಬಾಡಿಗೆ ಮನೆಯಿಂದ ಬೆಳಿಗ್ಗೆ ಸ್ಕೂಟರಿನಲ್ಲಿ ವಿಜಯನಗರಕ್ಕೆ ಬಂದು, ಅಲ್ಲಿ ಕಂಪನಿ ಬಸ್ಸು ಹತ್ತುತ್ತೇನೆ. ಅದೇ ಸ್ಟಾಪಿನಲ್ಲಿ ನಮ್ಮ ಪ್ರೊಡಕ್ಷನ್ ಮ್ಯಾನೇಜರೂ ಹತ್ತುತ್ತಿದ್ದರು. ದಾವಣಗೆರೆ ಕಡೆಯವರು, ಗೋವಿಂದರಾಜನಗರದಲ್ಲಿ ಮನೆ. ಹಣೆಯಲ್ಲಿ ತೆಳುವಾದ ವಿಭೂತಿ, ಇಸ್ತ್ರಿ ಮುರಿಯದ ಅಂಗಿ. ಅವರಿಗೆ ಕಂಪನಿ ಕಾರು ಕೊಡುತ್ತೇವೆಂದರೂ ಬೇಡವೆಂದು, ಬಸ್ಸಿನ ಮೂರನೇ ಸಾಲಿನ ಕಿಟಕಿ ಪಕ್ಕದ ಸೀಟಿನಲ್ಲೇ ಇಪ್ಪತ್ತು ವರ್ಷ ಕೂತು ಬಂದವರು. ಕಾರ್ಖಾನೆಗೆ ಗೋಡೆ ಏಳುವ ಮೊದಲೇ ಕೆಲಸಕ್ಕೆ ಸೇರಿದವರು ಅವರೊಬ್ಬರೇ.

ಒಂದು ವರ್ಷ ಹತ್ತಾರು ಕೆಲಸಗಾರರನ್ನು ತರಬೇತಿಗೆ ಜಪಾನಿಗೆ ಕಳಿಸುವುದೆಂದಾಯಿತು. ಹೋಗುವ ಮುಂಚೆ ಅವರಿಗೆ ಅಲ್ಲಿಯ ಮಾತು, ಮರ್ಯಾದೆ ಕಲಿಸುವ ಹೊಣೆ ನನ್ನ ಮೇಲೆ ಬಿತ್ತು. ಶನಿವಾರ ಮಧ್ಯಾಹ್ನ ಕ್ಯಾಂಟೀನಿನಲ್ಲಿ ತರಗತಿ. ಮ್ಯಾನೇಜರು ಕರೆಯದೆ ಬಂದು ಮೊದಲ ಬೆಂಚಿನಲ್ಲಿ ಕೂತರು, ನೋಟ್‌ಬುಕ್ ತೆರೆದರು. ಐವತ್ತಾರು ವಯಸ್ಸಿನ ಅವರಷ್ಟು ಶ್ರದ್ಧೆಯ ವಿದ್ಯಾರ್ಥಿ ನನಗೆ ಮತ್ತೆ ಸಿಕ್ಕಿಲ್ಲ.

ಹೆಸರಿನ ಕೊನೆಗೆ ಹಚ್ಚುವ ಗೌರವದ ತುಣುಕುಗಳನ್ನು ಕನ್ನಡದಲ್ಲಿ ಹೇಳುವುದು ಸುಲಭ ಎಂದುಕೊಂಡಿದ್ದೆ. ಬೋರ್ಡಿನ ಮೇಲೆ ಗೆರೆ ಎಳೆದೆ. ಎಲ್ಲಕ್ಕಿಂತ ಮೇಲೆ ‘ಸಾಮಾ’: ದೇವರಿಗೆ, ಗ್ರಾಹಕರಿಗೆ, ಕಾಗದದ ಮೇಲಿನ ವಿಳಾಸಕ್ಕೆ, ನಮ್ಮ ‘ಮಾನ್ಯ’, ‘ಪೂಜ್ಯ’ ಇದ್ದ ಹಾಗೆ. ಅದರ ಕೆಳಗೆ ‘ಸಾನ್’: ನಮ್ಮ ‘ಅವರು’. ಅದರ ಕೆಳಗೆ ‘ಕುನ್’: ಹಿರಿಯರು ಕಿರಿಯ ಹುಡುಗರನ್ನು ಕರೆಯುವುದು, ನಮ್ಮ ‘ಬಾರಪ್ಪ’. ಆಮೇಲೆ ‘ಚಾನ್’: ಮಕ್ಕಳಿಗೆ, ಪುಟ್ಟಿ, ಚಿನ್ನು. ಕೊನೆಯ ಸಾಲಿನಲ್ಲಿ ‘ಬರೀ ಹೆಸರು’ ಎಂದು ಬರೆದು, ಅದರ ಮುಂದೆ ‘ಏಕವಚನ’ ಎಂದು ಬರೆದೆ. ಅಡಿಗೆರೆ ಬೇರೆ ಎಳೆದೆ.

“ಮೇಡಂ, ನಮ್ ಹೆಸರು ಹೇಳ್ಕೊಳ್ಳುವಾಗ್ಲೂ ಸಾನ್ ಹಾಕ್ಬೇಕಾ?” ಎಂದು ಒಬ್ಬ ಕೇಳಿದ.

“ನೀವು ಮನೇಲಿ ‘ನಾನವರು ಬಂದ್ರು, ಬಾಗ್ಲು ತೆಗೀರಿ’ ಅಂತೀರಾ?” ಎಂದೆ. ಎಲ್ಲರೂ ನಕ್ಕರು. ಮ್ಯಾನೇಜರಂತೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಆ ಪಟ್ಟಿಯಲ್ಲಿ ಇನ್ನೊಂದು ವಿಷಯ ಇರಬೇಕಿತ್ತು. ಜಪಾನಿನಲ್ಲಿ ಯಾರ ಬಗ್ಗೆ ಮಾತಾಡುತ್ತೇವೆ ಎನ್ನುವಷ್ಟೇ ಯಾರ ಮುಂದೆ ಮಾತಾಡುತ್ತೇವೆ ಎನ್ನುವುದೂ ಮುಖ್ಯ. ಹೊರಗಿನವರ ಮುಂದೆ ತಮ್ಮವರ ಹೆಸರಿಗೆ ಯಾವ ಗೌರವವನ್ನೂ ಹಚ್ಚುವುದಿಲ್ಲ. ಆಫೀಸಿನೊಳಗೆ ಸಾನ್ ಎಂದು ಕರೆಸಿಕೊಳ್ಳುವವರು ಗ್ರಾಹಕರ ಮುಂದೆ ಬರೀ ಹೆಸರಾಗುತ್ತಾರೆ. ತನ್ನನ್ನು ತಾನು ಹೇಳಿಕೊಂಡಷ್ಟೇ ಸಹಜವಾಗಿ ತನ್ನವರನ್ನೂ ಹೇಳುವುದು ಅಲ್ಲಿಯ ರೀತಿ. ನಮ್ಮದು ಇದಕ್ಕೆ ತದ್ವಿರುದ್ಧ. ಮನೆಯೊಳಗೆ “ಅಮ್ಮ ಬಂದ್ಲು” ಎನ್ನುವವರು ನೆಂಟರ ಮುಂದೆ “ನಮ್ಮ ತಾಯಿಯವರು ಬಂದರು” ಎನ್ನುತ್ತೇವೆ. ಹೊರಗಿನವರೆದುರು ನಾವು ನಮ್ಮವರನ್ನು ಏರಿಸುತ್ತೇವೆ, ಅವರು ಇಳಿಸುತ್ತಾರೆ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಮೊದಲ ದಿನವೇ ತಲೆ ಕೆಡಿಸುವುದು ಬೇಡ, ಮುಂದೆ ಹೇಳಿದರಾಯಿತು ಎಂದು ಬಿಟ್ಟೆ. ಮೂರು ಶನಿವಾರ ಆದ ಮೇಲೆ ಕೆಲಸದ ಒತ್ತಡದಿಂದ ತರಗತಿಯೇ ನಿಂತುಹೋಯಿತು.

ಅದಾದ ತಿಂಗಳಿಗೆ ಜಪಾನಿನಿಂದ ದೊಡ್ಡ ಗ್ರಾಹಕರು ಕಾರ್ಖಾನೆ ನೋಡಲು ಬಂದರು. ಮೀಟಿಂಗ್ ಹಾಲಿನಲ್ಲಿ ನಮ್ಮ ಜಪಾನಿ ಡೈರೆಕ್ಟರು ಎದ್ದು ನಿಂತು, ಮ್ಯಾನೇಜರ ಕಡೆ ಕೈ ತೋರಿಸಿ ಪರಿಚಯ ಹೇಳಿದರು. “ಉಚಿ ನೋ” ಎಂದು ಶುರುಮಾಡಿದರು. ಉಚಿ ಎಂದರೆ ಮನೆ, ಒಳಗು. ನಮ್ಮ ಮನೆಯವರು ಎಂದ ಹಾಗೆ. ಅದರ ಮುಂದೆ ಮ್ಯಾನೇಜರ ಹೆಸರು. ಬರೀ ಹೆಸರು. ಮೊದಲ ದಿನದಿಂದ ಈ ಕಾರ್ಖಾನೆಯನ್ನು ಬೆಳೆಸಿದ್ದು ಇವರೇ ಎಂದರು. ಆ ಡೈರೆಕ್ಟರ ಬಾಯಲ್ಲಿ ಅಂಥ ಹೆಮ್ಮೆಯ ಮಾತನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಪಕ್ಕದಲ್ಲಿ ಕೂತು ಮ್ಯಾನೇಜರಿಗೆ ಎಲ್ಲವನ್ನೂ ಮೆಲುದನಿಯಲ್ಲಿ, ಬಹುವಚನದಲ್ಲೇ ಕನ್ನಡಕ್ಕೆ ಹೇಳಿದೆ. ಅವರು ನನ್ನ ಮಾತು ಕೇಳಿಸಿಕೊಳ್ಳುತ್ತಿರಲಿಲ್ಲ. ಗ್ರಾಹಕರು ಅವರನ್ನು ಸಾನ್ ಎಂದು ಕರೆದರು, ತಮ್ಮ ಡೈರೆಕ್ಟರು ಕರೆಯಲಿಲ್ಲ. ಅವರ ಕಿವಿಗೆ ಬಿದ್ದದ್ದು ಇಷ್ಟೇ. ಸ್ಯಾಂಪಲ್ ಪೈಪುಗಳ ಟ್ರೇ ಹಿಡಿದು ಬಾಗಿಲ ಬಳಿ ನಿಂತಿದ್ದ ಇಬ್ಬರು ಕೆಲಸಗಾರರೂ ನನ್ನ ವಿದ್ಯಾರ್ಥಿಗಳೇ. ಅವರೂ ಕೇಳಿಸಿಕೊಂಡರು.

ಮರುದಿನ ಕ್ಯಾಂಟೀನಿನಲ್ಲಿ ಮ್ಯಾನೇಜರು ತಟ್ಟೆ ಹಿಡಿದು ಬರುವಾಗ, ಹಿಂದಿನ ಟೇಬಲಿನಿಂದ ಯಾರೋ “ಪಟ್ಟೀಲಿ ಕೊನೇ ಸಾಲು ಬಂತು ಮಗಾ” ಎಂದರು. ಸಣ್ಣಗೆ ನಗು. ಅವರು ತಟ್ಟೆಯನ್ನು ಹಾಗೇ ಇಟ್ಟು ಹೊರಗೆ ಹೋದರು.

ಆವತ್ತು ಸಂಜೆ ಬಸ್ಸಿನಲ್ಲಿ ಅವರ ಪಕ್ಕದ ಸೀಟಿನಲ್ಲಿ ಕೂತೆ. ಒಳಗಿನವರು, ಹೊರಗಿನವರು, ನಮ್ಮ ತಾಯಿಯವರು, ಎಲ್ಲವನ್ನೂ ಹೇಳಿದೆ. “ಸಾರ್, ಅವರು ನಿಮ್ಮನ್ನ ತಮ್ಮೋರು ಅಂದ್ಕೊಂಡಿದ್ದಕ್ಕೇ ಹಾಗೆ ಹೇಳಿದ್ದು. ನಾನು ಪಟ್ಟೀಲಿ ಬರೀಲಿಲ್ಲ, ತಪ್ಪು ನಂದು.”

ಅವರು ಕಿಟಕಿಯಾಚೆ ನೋಡುತ್ತಲೇ ಇದ್ದರು. ನಾಯಂಡಹಳ್ಳಿ ಹತ್ತಿರ ಬಸ್ಸು ಟ್ರಾಫಿಕ್ಕಿನಲ್ಲಿ ನಿಂತಾಗ ಬಾಯಿ ಬಿಟ್ಟರು.

“ಹೋದ್ವರ್ಷ ಡೈರೆಕ್ಟರು ಟೇಬಲ್ ಕುಟ್ಟಿ ನನ್ನ ಬೈದ್ರು, ನೆನಪಿದೆಯಾ? ನೀವೇನು ಹೇಳಿದ್ರಿ ನಂಗೆ? ‘ಸ್ವಲ್ಪ ಬೇಜಾರಾಗಿದೆ ಅಂತಾರೆ ಸಾರ್’ ಅಂದ್ರಿ. ಅವರ ಮುಖ ನಂಗೆ ಕಾಣ್ತಿರಲಿಲ್ವಾ? ನಿಮ್ಮ ಕೆಲಸಾನೇ ಅದು ಬಿಡಮ್ಮ, ಎರಡೂ ಕಡೆ ನೋವಾಗದ ಹಾಗೆ ಹೇಳೋದು. ಬೋರ್ಡ್ ಮೇಲೆ ಬರೆದಿದ್ರಲ್ಲ, ಅದೇ ನಿಜ. ಅವತ್ತು ನಿಮಗೆ ಯಾರನ್ನೂ ಸಮಾಧಾನ ಮಾಡೋದಿರಲಿಲ್ಲ.”

ಹತ್ತು ವರ್ಷದಿಂದ ಖಾರದ ಮಾತಿಗೆಲ್ಲ ಸಕ್ಕರೆ ಸವರಿ ದಾಟಿಸಿದ್ದು ನಾನೇ. ನಿಜ ಹೇಳಬೇಕಾದ ದಿನ ಅದೇ ಅಡ್ಡ ಬಂತು.

“ಡೈರೆಕ್ಟರಿಗೆ ಹೇಳ್ತೀನಿ ಸಾರ್, ಅವರೇ ನಿಮಗೆ…”

“ಬೇಡ. ಮರ್ಯಾದೆ ಕೇಳಿ ಇಸ್ಕೊಳ್ಳೋ ಗತಿ ನಂಗಿನ್ನೂ ಬಂದಿಲ್ಲ. ನನ್ನಾಣೆ, ಹೇಳಕೂಡದು.”

ಎರಡು ವಾರದಲ್ಲಿ ರಾಜೀನಾಮೆ ಕೊಟ್ಟರು. ಕಾರಣ, ಆರೋಗ್ಯ. ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು. ಡೈರೆಕ್ಟರು ನನ್ನನ್ನು ಒಳಗೆ ಕರೆದು, ತಮ್ಮಿಂದ ಏನಾದರೂ ತಪ್ಪಾಯಿತೇ ಎಂದು ಕೇಳಿದರು. ಮ್ಯಾನೇಜರು ಆಣೆ ಹಾಕಿದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಬಾಯಿ ಕಟ್ಟಿದ್ದು ಆಣೆಯೊಂದೇ ಅಲ್ಲ. ಹೇಳಿದರೆ ನನ್ನ ಅರೆಬರೆ ಪಾಠದ ಸುದ್ದಿಯೂ ಹೇಳಬೇಕಿತ್ತು. “ಆರೋಗ್ಯವೇ ಕಾರಣ” ಎಂದೆ. ಅಂಥ ಹೇಡಿ ನಾನು ಎಂದು ಅಂದೇ ಗೊತ್ತಾಯಿತು.

ಅವರು ಬಿಟ್ಟ ಮೇಲೂ ಬೆಳಿಗ್ಗೆ ಕೆಲವೊಮ್ಮೆ ಸ್ಟಾಪಿನ ಎದುರಿನ ಹೋಟೆಲಿನಲ್ಲಿ ಕಾಣಿಸುತ್ತಿದ್ದರು. ಅದೇ ಇಸ್ತ್ರಿ ಅಂಗಿ, ಕೈಯಲ್ಲಿ ಕಾಫಿ ಲೋಟ. ಬಸ್ಸು ಬಂದರೆ ಪೇಪರಿನ ಹಿಂದೆ ಮುಖ ಮರೆಸುತ್ತಿದ್ದರು. ನಾನೂ ನೋಡದವಳ ಹಾಗೆ ಬಸ್ಸು ಹತ್ತುತ್ತಿದ್ದೆ.

ಮುಂದಿನ ವರ್ಷ ಕಾರ್ಖಾನೆಯ ವಾರ್ಷಿಕೋತ್ಸವಕ್ಕೆ ಅವರಿಗೆ ಆಹ್ವಾನ ಹೋಯಿತು. ಜಪಾನಿಯಲ್ಲೂ ಕನ್ನಡದಲ್ಲೂ ಅಚ್ಚು ಮಾಡಿಸಿದ ಕಾರ್ಡು, ಹೆಸರಿನ ಕೊನೆಗೆ ಸಾಮಾ. ಕನ್ನಡದ ಬದಿಗೆ ‘ಮಾನ್ಯ’ ಎಂದು ಹಾಕಿದ್ದು ನಾನೇ. ಅವರು ಫೋನ್ ಮಾಡಿದರು.

“ಸಾಮಾ ಹಾಕಿದಾರಲ್ಲಮ್ಮ! ಪಟ್ಟೀಲಿ ಎಲ್ಲಕ್ಕಿಂತ ಮೇಲಿತ್ತಲ್ಲ, ಅದೇ ತಾನೇ?”

“ಹೌದು ಸಾರ್, ಅದೇ.”

“ಕೊನೆಗೂ ಅವರಿಗೆ ಅರ್ಥ ಆಯ್ತು ನೋಡಿ.” ಅವರ ದನಿಯಲ್ಲಿ ಎಷ್ಟೋ ದಿನದ ಮೇಲೆ ಖುಷಿ ಇತ್ತು. ಅದನ್ನು ಕೆಡಿಸಲು ನನಗೆ ಮನಸ್ಸಾಗಲಿಲ್ಲ.

ಸಮಾರಂಭದ ದಿನ ಅವರನ್ನು ಕರೆತರಲು ಕಾರು ಕಳಿಸಿದ್ದರು. ಎದೆಗೆ ರೇಷ್ಮೆ ರಿಬ್ಬನ್ನಿನ ಹೂವು ಚುಚ್ಚಿ, ಮುಂದಿನ ಸಾಲಿನಲ್ಲಿ ಗ್ರಾಹಕರ ಪಕ್ಕ ಕೂರಿಸಿದರು. ಜಪಾನಿ ಮಾತನ್ನು ಕಿವಿಯಲ್ಲಿ ಹೇಳಲು ನಾನು ಹಿಂದಿನ ಕುರ್ಚಿಯಲ್ಲಿದ್ದೆ. ಡೈರೆಕ್ಟರು ವೇದಿಕೆಯ ಮೇಲೆ ನಿಂತು, ಬಂದಿದ್ದ ಅತಿಥಿಗಳ ಹೆಸರು ಓದಿ ವಂದಿಸಿದರು. ಗ್ರಾಹಕರೆಲ್ಲರಿಗೂ ಸಾಮಾ. ಅದೇ ಸಾಲಿನಲ್ಲಿ ಮ್ಯಾನೇಜರಿಗೂ ಸಾಮಾ. ಅವರು ಬೆನ್ನು ನೆಟ್ಟಗೆ ಮಾಡಿ ಕೂತರು.

ಆಮೇಲೆ ಡೈರೆಕ್ಟರು ಹೊಸ ಮ್ಯಾನೇಜರನ್ನು ಮುಂದೆ ಕರೆದರು. ನಮ್ಮ ಮ್ಯಾನೇಜರು ಕೈಹಿಡಿದು ಕೆಲಸ ಕಲಿಸಿದ್ದ ಮನುಷ್ಯ. “ಉಚಿ ನೋ” ಎಂದರು, ಅವನ ಹೆಗಲ ಮೇಲೆ ಕೈ ಇಟ್ಟರು, ಬರೀ ಹೆಸರು ಹೇಳಿದರು. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಅವನು ನಾಚಿ ತಲೆ ಬಗ್ಗಿಸಿದ.

ನಾನು ಕನ್ನಡಕ್ಕೆ ಹೇಳಲು ಮುಂದೆ ಬಾಗಿದೆ. ಮ್ಯಾನೇಜರು ಹಿಂದಕ್ಕೆ ತಿರುಗದೆಯೇ ಬೇಡವೆಂದು ಕೈ ಎತ್ತಿದರು.

ಸಂಜೆ ಗೇಟಿನ ಬಳಿ ಕೆಲಸಗಾರರು ಬಸ್ಸು ಹತ್ತುತ್ತಿದ್ದರು. ಅತಿಥಿಗಳ ಕಾರುಗಳು ಇನ್ನೊಂದು ಕಡೆ ನಿಂತಿದ್ದವು. ಮ್ಯಾನೇಜರು ನನ್ನ ಹತ್ತಿರ ಬಂದರು. ಎದೆಯ ಹೂವು ಹಾಗೇ ಇತ್ತು.

“ಅವತ್ತು ಬಸ್ಸಲ್ಲಿ ನೀವು ಹೇಳಿದ್ದು ನಿಜ, ಅಲ್ವೇನಮ್ಮ?”

“ನಿಜ ಸಾರ್.”

“ಇವತ್ತು ಅವನಿಗೆ ಬರೀ ಹೆಸರು. ನಂಗೆ ಸಾಮಾ.” ಎದೆಯ ಹೂವನ್ನು ಮುಟ್ಟಿ ನೋಡಿಕೊಂಡರು. “ಇಪ್ಪತ್ತು ವರ್ಷ ದುಡಿದು ಒಳಗಿನವನಾಗಿದ್ದೆ. ನಂಗೇ ಗೊತ್ತಾಗ್ಲಿಲ್ಲ ನೋಡಿ.”

ಕ್ಷಮಿಸಿ ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಫೋನ್ ಹೊಡೆದುಕೊಂಡಿತು. ಹೆಂಡತಿ. ಹೇಗಾಯಿತು ಕಾರ್ಯಕ್ರಮ ಎಂದು ಕೇಳಿರಬೇಕು.

“ತುಂಬಾ ಮರ್ಯಾದೆ ಮಾಡಿದ್ರು ಕಣೇ,” ಎಂದರು.

ಡ್ರೈವರ್ ಕಾರಿನ ಬಾಗಿಲು ತೆರೆದು ಹಿಡಿದಿದ್ದ. ಅವರು ಬಸ್ಸಿನ ಮೂರನೇ ಕಿಟಕಿಯ ಕಡೆ ಒಮ್ಮೆ ನೋಡಿ, ಕಾರಿನೊಳಗೆ ಕೂತರು.