ಮಣಿಕಟ್ಟಿನ ಅತ್ತರು

ಈ ಲೇಖನದ ಮೊದಲ ಮಾತುಕತೆಗೆ ಇಂದುಮತಿ ಗಾಯಧನಿ ಎರಡು ಸಲ ಒಪ್ಪಲಿಲ್ಲ. ಮೂರನೆಯ ಸಲ ಅವರ ಪರವಾಗಿ ಫೋನಿಗೆ ಬಂದವರು ಬಬನ ಢಮಢೇರೆ. ಇಂದುಮತಿಯವರು ದುಡಿದಿದ್ದ, ಪುಣೆ ಬಳಿಯ ಚಾಕಣದ ವಾಹನಹೊಗೆ ಪರೀಕ್ಷಾ ಕೇಂದ್ರದಲ್ಲಿ ಉರುಳೆಗಳ ಮೇಲೆ ನಿಂತಲ್ಲೇ ಕಾರು ಓಡಿಸುವ ಚಾಲಕ ಅವರು. ಮಂಗಳವಾರ ಹತ್ತೂವರೆಗೆ ಥೇರಗಾಂವದ ಮನೆಗೆ ಬರಬಹುದೆಂದು ತಿಳಿಸಿ, ಕೇಂದ್ರದಲ್ಲಿ ಎಲ್ಲರೂ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಇಂದುಮತಿಯವರ ಒಂದು ಷರತ್ತನ್ನೂ ಹೇಳಿದರು: "ಮಾವಶಿ ಹೇಳಿದಾರೆ, ಸೆಂಟು ಗಿಂಟು ಹಚ್ಕೊಂಡು ಬರಬಾರದಂತೆ. ನಗಬೇಡಿ, ಯಾಕೇಂತ ಅವರೇ ಹೇಳ್ತಾರೆ."

ಇಂದುಮತಿ ಆ ಕೇಂದ್ರಕ್ಕೆ ಸೇರಿದ್ದು ೨೦೦೩ರಲ್ಲಿ, ತೂಕದ ಕೋಣೆಗೆ. ಕಾರು ಓಡುವಾಗ ಅದರ ಹೊಗೆಯ ಒಂದು ಪಾಲು ಬಿಸ್ಕತ್ತಿನಷ್ಟಗಲದ ಬಿಳಿ ಸೋಸುಬಿಲ್ಲೆಯ ಮೂಲಕ ಹಾಯುತ್ತದೆ. ಓಟಕ್ಕೆ ಮೊದಲೊಮ್ಮೆ, ಓಟದ ನಂತರವೊಮ್ಮೆ ಆ ಬಿಲ್ಲೆಯನ್ನು ತೂಗುವುದು ಅವರ ಕೆಲಸ. ಹೆಚ್ಚಿದ ತೂಕವೇ ಮಸಿ. ಸರಕಾರದ ಹೊಗೆಮಿತಿಯ ಎರಡನೆಯ ಹಂತವಾದ ಭಾರತ್ ಸ್ಟೇಜ್ ಎರಡರ ಕಾಲದಲ್ಲಿ ಡೀಸೆಲ್ ಕಾರಿಗೆ ಕಿಲೋಮೀಟರಿಗೆ ಎಂಬತ್ತು ಮಿಲಿಗ್ರಾಂ ಮಸಿಯ ಅನುಮತಿಯಿತ್ತು. ನೈಟ್ರೋಜನ್ ಆಕ್ಸೈಡಿಗೆ ಬೇರೆ ಮಿತಿಯೇ ಇರಲಿಲ್ಲ, ಅದನ್ನು ಉರಿಯದ ಇಂಧನದ ಅಂಶದೊಡನೆ ಕೂಡಿಸಿ ಎಣಿಸುತ್ತಿದ್ದರು. ಮೂರನೆಯ ಹಂತದಲ್ಲಿ ಮಸಿ ಐವತ್ತಕ್ಕಿಳಿಯಿತು, ನೈಟ್ರೋಜನ್ ಆಕ್ಸೈಡಿಗೆ ಐನೂರೆಂಬ ಪ್ರತ್ಯೇಕ ಗೆರೆ ಬಿತ್ತು. ನಾಲ್ಕರಲ್ಲಿ ಎರಡೂ ಅರ್ಧವಾದವು: ಇಪ್ಪತ್ತೈದು, ಇನ್ನೂರೈವತ್ತು. ಐದನ್ನು ಸರಕಾರ ಜಿಗಿದುಬಿಟ್ಟಿತು. ಆರರಲ್ಲಿ ಮಸಿ ನಾಲ್ಕೂವರೆ, ನೈಟ್ರೋಜನ್ ಆಕ್ಸೈಡು ಎಂಬತ್ತು. ಅದರ ಮೇಲೆ ಮಸಿಯ ಕಣಗಳನ್ನು ತಲೆಯೆಣಿಕೆಯಿಂದಲೂ ಲೆಕ್ಕ ಹಾಕುವ ಹೊಸ ನಿಯಮ.

"ಮೊದಲು ಬಿಲ್ಲೆ ಹೊರಗೆ ಬಂದಾಗ ರೊಟ್ಟಿ ಹಂಚಿನ ತಳ ಇದ್ದಂಗಿರ್ತಿತ್ತು," ಎಂದು ಇಂದುಮತಿ ನೆನೆದರು. "ಆರಕ್ಕೆ ಬಂದ ಮೇಲೆ ಯಾವುದು ಓಡಿದ್ದು, ಯಾವುದು ಓಡದ್ದು ಅಂತ ಕಣ್ಣಿಗೆ ಗೊತ್ತೇ ಆಗ್ತಿರಲಿಲ್ಲ."

ಕಣ್ಣಿಗೆ ಕಾಣದ್ದನ್ನು ತೂಗಬೇಕಾದ್ದರಿಂದ ಕೋಣೆಯ ನಿಯಮಗಳೂ ಬಿಗಿಯಾದವು. ಬಿಲ್ಲೆಗಳ ಜೊತೆ ಒಂದು ಸಾಕ್ಷಿಬಿಲ್ಲೆಯನ್ನು ಇಡುತ್ತಿದ್ದರು. ಅದು ಯಾವ ಹೊಗೆಯನ್ನೂ ಕಾಣದೆ ಕೋಣೆಯಲ್ಲೇ ಕುಳಿತಿರುವಂಥದ್ದು. ಎರಡು ತೂಕಗಳ ನಡುವೆ ಅದು ಐದು ಮೈಕ್ರೋಗ್ರಾಮಿಗಿಂತ ಹೆಚ್ಚು ಕದಲಿದರೆ, ಅಂದರೆ ಒಂದು ಗ್ರಾಮಿನ ಹತ್ತು ಲಕ್ಷ ಪಾಲಿನಲ್ಲಿ ಐದಕ್ಕಿಂತ ಹೆಚ್ಚು, ಎಲ್ಲವನ್ನೂ ಎರಡು ಗಂಟೆ ಕೋಣೆಯ ಗಾಳಿಗೆ ಬಿಟ್ಟು ಮತ್ತೆ ತೂಗಬೇಕು. ಆಗಲೂ ಸರಿಹೋಗದಿದ್ದರೆ ಓಟವೇ ರದ್ದು. ಕೇಂದ್ರದ ಮುಖ್ಯಸ್ಥ ಖಾಸಗೀವಾಲೆಯವರು ಇನ್ನೊಂದು ನಿಯಮವನ್ನು ಗೋಡೆಗೆ ಅಂಟಿಸಿದ್ದರು: ಒಬ್ಬರ ಕೈಯಲ್ಲಿ ಮೂರು ಓಟ ರದ್ದಾದರೆ ಅವರನ್ನು ಬಿಡಿಭಾಗಗಳ ಉಗ್ರಾಣಕ್ಕೆ ವರ್ಗ ಮಾಡಲಾಗುವುದು. ಇಂದುಮತಿಯವರ ಹೆಸರಿನಲ್ಲಿ ಆಗಲೇ ಎರಡಿದ್ದವು. ನಿವೃತ್ತಿಗೆ ನಾಲ್ಕು ವರ್ಷ ಉಳಿದಿತ್ತು.

೨೦೨೦ರ ಜನವರಿ ೨೦, ಸೋಮವಾರ. ಆರನೆಯ ಹಂತ ಜಾರಿಗೆ ಬರಲು ಎಪ್ಪತ್ತೆರಡು ದಿನ ಬಾಕಿ. ಒಂದು ಕಾರು ಕಂಪನಿಯ ಇಂಜಿನಿಯರ್ ಋತ್ವಿಕ್ ಸರಪೋತದಾರ ಮೂರು ವಾರದಿಂದ ಅಲ್ಲೇ ಠಿಕಾಣಿ ಹೂಡಿದ್ದ. ಅವನ ಡೀಸೆಲ್ ಕಾರಿನ ನೈಟ್ರೋಜನ್ ಆಕ್ಸೈಡು ಎಂಬತ್ತರ ಕೆಳಗೆ ಇಳಿಯಲೊಲ್ಲದು. ಉರಿಯನ್ನು ತಣ್ಣಗೆ ಮಾಡಿದರೆ ಮಸಿ ಹೆಚ್ಚಿ ಕೊಳವೆಯ ಮಸಿಬಲೆ ಬೇಗ ಕಟ್ಟಿಕೊಳ್ಳುತ್ತಿತ್ತು. ಮಸಿ ತಗ್ಗಿಸಹೋದರೆ ನೈಟ್ರೋಜನ್ ಆಕ್ಸೈಡು ಮೇಲೇರುತ್ತಿತ್ತು. ಅಂದು ಮಧ್ಯಾಹ್ನದ ಓಟದಲ್ಲಿ ಚೀಲಗಳಲ್ಲಿ ಹಿಡಿದಿಟ್ಟ ಹೊಗೆಯನ್ನು ಯಂತ್ರ ಓದಿ ನೈಟ್ರೋಜನ್ ಆಕ್ಸೈಡು ಎಪ್ಪತ್ತನಾಲ್ಕು ಎಂದಿತು. ಸರಪೋತದಾರ ಢಮಢೇರೆಯವರನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿಸಿಬಿಟ್ಟ. ಇನ್ನುಳಿದದ್ದು ಬಿಲ್ಲೆಯ ತೂಕ ಮಾತ್ರ.

ಅದೇ ಹೊತ್ತಿಗೆ ಕ್ಯಾಂಟೀನಿನಲ್ಲಿ ಹೆಂಗಸರು ಸಂಕ್ರಾಂತಿಯ ಅರಿಶಿನ ಕುಂಕುಮ ಇಟ್ಟುಕೊಂಡಿದ್ದರು. ಇಂದುಮತಿ ಐದೇ ನಿಮಿಷವೆಂದು ಹೋದರು. ಎಳ್ಳುಬೆಲ್ಲದ ತಿಳಗುಳ ಬಾಯಿಗೆ, ಕುಂಕುಮ ಹಣೆಗೆ, ಅತ್ತರಿನ ಕಡ್ಡಿ ಕೈಯ ಹಿಂಬದಿಗೆ, ಮಣಿಕಟ್ಟಿನವರೆಗೆ. ಹಿಂತಿರುಗಿ ಸಾಬೂನಿನಿಂದ ಕೈ ತೊಳೆದು, ಕೈಗವಸು ಹಾಕಿ, ಒಳಗೆ ಹೋದರು.

ಮೊದಲು ಓಟದ ಬಿಲ್ಲೆಯ ತೂಕ. ಲೆಕ್ಕ ಕಿಲೋಮೀಟರಿಗೆ ೦.೯ ಮಿಲಿಗ್ರಾಂ. ಮಿತಿಯ ಐದನೆಯ ಒಂದು ಪಾಲು. ಗಾಜಿನಾಚೆ ಸರಪೋತದಾರ ಹೆಬ್ಬೆರಳೆತ್ತಿದ. ಆಮೇಲೆ ಸಾಕ್ಷಿಬಿಲ್ಲೆ. ಬೆಳಗಿಗಿಂತ ಏಳು ಹೆಚ್ಚು. ಇಂದುಮತಿ ಮತ್ತೆ ಇಟ್ಟರು. ಏಳೇ. ಮೂರನೆಯ ಸಲ ಬಾಗಿದಾಗ ಮೂಗಿಗೆ ಮಲ್ಲಿಗೆಯ ವಾಸನೆ ತಾಕಿತು. ಕೈಗವಸಿನ ಅಂಚಿನ ಮೇಲೆ, ಮಣಿಕಟ್ಟಿನಲ್ಲಿ, ಎಣ್ಣೆಯ ಸಣ್ಣ ಹೊಳಪು.

ಹೊರಗೆ ಬಂದು ಬಾಗಿಲು ಮುಚ್ಚಿದರು. "ಎರಡು ಗಂಟೆ ಕಾಯಬೇಕು. ಸಾಕ್ಷಿ ಕದಲಿದೆ, ನನ್ನ ಮಣಿಕಟ್ಟಿನ ಅತ್ತರಿಗೆ."

"ಎಷ್ಟು?"

"ಏಳು."

ಸರಪೋತದಾರ ನಕ್ಕ. "ಮಾವಶಿ, ಏಳು ಮೈಕ್ರೋಗ್ರಾಂ! ಸೊಳ್ಳೆ ನಿಟ್ಟುಸಿರು ಬಿಟ್ಟರೆ ಅಷ್ಟಾಗುತ್ತೆ."

"ಅದಕ್ಕೇ ಒಳಗೆ ಸೊಳ್ಳೆ ಬಿಡಲ್ಲ."

ಇಂದುಮತಿ ಮಣಿಕಟ್ಟನ್ನು ಮೊಣಕೈವರೆಗೂ ಉಜ್ಜಿ ಉಜ್ಜಿ ತೊಳೆದರು, ಚರ್ಮ ಕೆಂಪಾಗುವವರೆಗೆ. ಸಂಜೆ ಏಳೂಕಾಲಿಗೆ ಹೊಸ ಕೋಟು ತೊಟ್ಟು ಮತ್ತೆ ತೂಗಿದರು. ಸಾಕ್ಷಿಬಿಲ್ಲೆ ಒಂದು ಮೈಕ್ರೋಗ್ರಾಂ ಮಾತ್ರ ಇಳಿದಿತ್ತು. ಆರು.

ಆ ಹೊತ್ತಿಗೆ ಖಾಸಗೀವಾಲೆಯವರೂ ಬಂದಿದ್ದರು. ಸರಪೋತದಾರನ ನಗು ಬತ್ತಿತ್ತು. "ಸರ್, ನೀವೇ ನೋಡಿ. ಬಿಲ್ಲೆ ಹೆಚ್ಚು ತೂಗಿದ್ರೆ ನಮಗೇ ನಷ್ಟ. ತಪ್ಪು ನಮ್ಮ ವಿರುದ್ಧಾನೇ ಇದೆ, ಆದರೂ ಪಾಸಾಗಿದೀವಿ. ಅದನ್ನ ಕಳೆದರೆ ಇನ್ನೂ ಕಮ್ಮಿ ಆಗುತ್ತೆ. ಇದರಲ್ಲಿ ಯಾರಿಗೆ ಮೋಸ?"

"ಸಾಕ್ಷಿಯ ಮೇಲೆ ಬಿದ್ದಷ್ಟೇ ನಿಮ್ಮ ಬಿಲ್ಲೆ ಮೇಲೂ ಬಿದ್ದಿದೆ ಅಂತ ಯಾರು ಹೇಳಿದರು?" ಎಂದರು ಇಂದುಮತಿ. "ಕಳೆಯೋಕೆ ನನ್ನ ಹತ್ರ ಲೆಕ್ಕ ಇಲ್ಲ. ಐದು ಅಂದರೆ ಐದು."

"ಒಂದೇ ಓಟದ ಎರಡು ಅಂಕಿ ಇವು! ಮಸಿ ರದ್ದಾದರೆ ನನ್ನ ಎಪ್ಪತ್ತನಾಲ್ಕೂ ಹೋಯ್ತು. ಮೂರು ವಾರ, ಮಾವಶಿ! ನಾಳೆ ಎಂಬತ್ತೊಂದು ಬಂದರೆ?"

"ಬಂದರೆ ಬಂತು."

ಖಾಸಗೀವಾಲೆ ಕನ್ನಡಕ ತೆಗೆದು ಒರೆಸಿದರು. "ಇಂದುಬಾಯಿ, ಕಾರಣದ ಅಂಕಣ ತುಂಬೋ ಮುಂಚೆ ಒಂದ್ಸಲ ಯೋಚನೆ ಮಾಡಿ. ಕೋಣೆಯ ತೇವ ಏರುಪೇರಾಯ್ತು ಅಂತ ಬರೆದರೆ ಅದು ಯಂತ್ರದ ತಪ್ಪು. ಯಾರ ಹೆಸರಿಗೂ ಬರಲ್ಲ." ಗೋಡೆಯ ಕಾಗದದ ಕಡೆ ಅವರು ನೋಡಲಿಲ್ಲ, ಉಳಿದವರೆಲ್ಲ ನೋಡಿದರು.

ತೇವದ ಮಾಪಕದ ಕಾಗದಸುರುಳಿ ಮೇಜಿನ ಮೇಲೆಯೇ ಬಿದ್ದಿತ್ತು. ಬೆಳಗಿನಿಂದ ನಲವತ್ತೈದರ ಗೆರೆಯನ್ನು ಬಿಟ್ಟು ಅದರ ಮುಳ್ಳು ಕದಲಿರಲಿಲ್ಲ. ಇಂದುಮತಿ ಆ ಸುರುಳಿಯನ್ನು ಬೆರಳಿನಿಂದ ನೇರಮಾಡಿದರು. ಹದಿನಾರು ವರ್ಷ ಅವರು ಆ ಗೆರೆಯನ್ನು ನಂಬಿದ್ದರು. ಈಗ ಅದರ ಮೇಲೆ ಸುಳ್ಳು ಹೊರಿಸುವುದು ಹೇಗೆಂದು ಕೈಗೆ ತಿಳಿಯಲಿಲ್ಲ.

"ಮಾವಶಿ, ಅರಿಶಿನ ಕುಂಕುಮಕ್ಕೆ ಬಂದು ಅತ್ತರು ಹಚ್ಚಿದವಳು ನನ್ನ ಹೆಂಡತಿ," ಎಂದರು ಢಮಢೇರೆ ಮೆಲ್ಲಗೆ. "ಅವಳ ಹೆಸರು ಬರೆದುಬಿಡಿ. ಅವಳಿಗೆ ಇಲ್ಲಿ ಕೆಲಸಾನೇ ಇಲ್ಲ, ಯಾವ ಉಗ್ರಾಣಕ್ಕೆ ಹಾಕ್ತಾರೆ?"

ಯಾರೋ ನಕ್ಕರು. ಇಂದುಮತಿಯೂ ನಕ್ಕರು, ಆದರೆ ಲೇಖನಿ ಆಗಲೇ ಕೈಯಲ್ಲಿತ್ತು. "ಕೈ ಚಾಚಿದವಳು ನಾನಲ್ವಾ, ಬಬನ."

ಸರಪೋತದಾರ ಕಾರಿನ ಬಾನೆಟ್ಟಿನ ಮೇಲೆ ಒಮ್ಮೆ ಅಂಗೈಯಿಂದ ತಟ್ಟಿದ. ಆಮೇಲೆ ಕಾರನ್ನು ರಾತ್ರಿಯಿಡೀ ತಣಿಯಲು ಬಿಡುವಂತೆ ಹೇಳಿ ಯಾರ ಮುಖವನ್ನೂ ನೋಡದೆ ಹೊರಟುಹೋದ.

ಕೇಂದ್ರದ ತೂಕದ ದಫ್ತರದಲ್ಲಿ ಎರಡು ನಮೂದುಗಳು ಒಂದರ ಕೆಳಗೊಂದಿವೆ. ಮೊದಲನೆಯದು ಇಂದುಮತಿಯವರ ದುಂಡು ಅಕ್ಷರದಲ್ಲಿದೆ: "೨೦ ಜನವರಿ ೨೦೨೦. ಓಟ ರದ್ದು. ಕಾರಣ: ತೂಕಗಾರ್ತಿಯ ಮಣಿಕಟ್ಟಿನಲ್ಲಿ ಅತ್ತರು." ಎರಡನೆಯದು ಬೇರೆ ಕೈಬರಹ: "೨೧ ಜನವರಿ ೨೦೨೦. ಅದೇ ಕಾರು. ನೈಟ್ರೋಜನ್ ಆಕ್ಸೈಡು ೭೯, ಮಸಿ ೦.೮. ಸಾಕ್ಷಿಬಿಲ್ಲೆಯ ಬದಲಾವಣೆ ೧. ತೂಗಿದವರು: ವಿ. ಎನ್. ಕರಮರಕರ, ಶ್ರೀಮತಿ ಗಾಯಧನಿಯವರ ಜಾಗದಲ್ಲಿ."