ಕಪ್ಪು ಕೊಡೆಯ ಮೂರನೆಯ ಭಾಗ

ಮೊನ್ನೆ ಟ್ರಂಕಿನ ತಳದಲ್ಲಿ ಹೊಲಿಗೆ ಮೆಷಿನ್ನಿನ ಹಳೆಯ ಬಾಬಿನ್ ಹುಡುಕುತ್ತಿದ್ದೆ. ಕೈ ಹಾಕಿದ ತಕ್ಷಣ ಮೆಷಿನ್ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ನಲವತ್ತು ವರ್ಷ ಮುಚ್ಚಿಟ್ಟರೂ ಆ ವಾಸನೆ ಹಾಗೇ ಇರುತ್ತದೆ ನೋಡಿ. ಬಾಬಿನ್ ಸಿಗಲಿಲ್ಲ. ಬದಲಿಗೆ ಎಣ್ಣೆ ಕುಡಿದು ಅಂಚು ಕಪ್ಪಾದ ಒಂದು ಗುಲಾಬಿ ಬಣ್ಣದ ಪುಸ್ತಕ ಸಿಕ್ಕಿತು. ಸಿನಿಮಾದ ಪದ್ಯದ ಪುಸ್ತಕ. ಸಿನಿಮಾ ಟೆಂಟಿನ ಬಾಗಿಲಲ್ಲಿ ಮಾರುತ್ತಿದ್ದರಲ್ಲ, ಹಾಡು, ನಟರ ಹೆಸರು, ಅರ್ಧ ಕಥೆ ಇರುತ್ತಿದ್ದ ನಾಲ್ಕು ಹಾಳೆ, ಅದೇ. ಮೇಲೆ 'ಕಪ್ಪು ಕೊಡೆ – ಮೂರನೆಯ ಭಾಗ' ಎಂದಿತ್ತು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಹೊರಗೆ ಹಾಲ್‌ನಲ್ಲಿ ಮೊಮ್ಮಗಳು ಟಿವಿಯಲ್ಲಿ ಯಾವುದೋ ಸಿನಿಮಾದ ಐದನೆಯ ಭಾಗ ನೋಡುತ್ತ ಗೊಣಗುತ್ತಿದ್ದಳು. "ಥೂ, ಮೊದಲನೇದು ಎಷ್ಟ್ ಚೆನ್ನಾಗಿತ್ತು!" ಮತ್ಯಾಕೆ ನೋಡುತ್ತೀಯ ಎಂದರೆ, "ನಾಲ್ಕು ನೋಡಾಗಿದೆಯಲ್ಲ ತಾತ" ಎನ್ನುತ್ತಾಳೆ. ಇದೊಂದು ಕಾರಣವೇ? ನಾಲ್ಕು ದಿನ ಹಳಸಿದ ಸಾರು ಉಂಡವರು ಐದನೆಯ ದಿನವೂ ಉಣ್ಣಬೇಕೇ? ಆದರೆ ಅವಳನ್ನು ಬೈಯಲು ನನಗೆ ಯೋಗ್ಯತೆ ಇಲ್ಲ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಕೂತುಕೊಳ್ಳಿ.

ಎಪ್ಪತ್ತರ ದಶಕದಲ್ಲಿ ನಾನು ಹೊಲಿಗೆ ಮೆಷಿನ್ ರಿಪೇರಿಯವನು. ಮನೆ ಚನ್ನಗಿರಿಯಲ್ಲಿ, ಕೆಲಸ ಬಸ್ಸು ಹೋದಲ್ಲೆಲ್ಲ. ಹೊನ್ನಾಳಿ, ನ್ಯಾಮತಿ, ಅಲ್ಲಿಂದ ಗೋವಿನಕೋವಿ, ತಿಂಗಳಿಗೊಮ್ಮೆ ಜಗಳೂರು. ಸಂಜೆಯಾದರೆ ಯಾವ ಊರಲ್ಲಿದ್ದೆನೋ ಆ ಊರಿನ ಟೆಂಟು. ಹೀಗಾಗಿ ಒಂದೇ ಸಿನಿಮಾ ನಾಲ್ಕೂರಿನಲ್ಲಿ ಹೇಗೆ ಓಡಿತು ಎನ್ನುವುದು ನನಗೆ ಗೊತ್ತಿರುತ್ತಿತ್ತು. ದರ್ಜಿ ಅಂಗಡಿಗಳಲ್ಲಿ ಜನ ನನ್ನನ್ನು ಕೇಳಿಯೇ ಟಿಕೆಟ್ ತೆಗೆಯುತ್ತಿದ್ದರು. "ಹೆಂಗೈತ್ರಿ ಮೇಸ್ತ್ರಿ, ಹೋಗಬೋದಾ?" ನಾನು ಸ್ಕ್ರೂಡ್ರೈವರ್ ಕಿವಿಗೆ ಸಿಕ್ಕಿಸಿಕೊಂಡು ತೀರ್ಪು ಕೊಡುತ್ತಿದ್ದೆ. ಆ ಜಂಬ ಈಗ ನೆನೆದರೆ ನಾಚಿಕೆಯಾಗುತ್ತದೆ.

'ಕಪ್ಪು ಕೊಡೆ' ಚನ್ನಗಿರಿಗೆ ಬಂದಾಗ ತಂಗಿ ಗಿರಿಜೆಗೆ ಮದುವೆ ನಿಶ್ಚಯವಾಗಿತ್ತು. ಇಬ್ಬರೂ ಹೋಗಿ ನೋಡಿದೆವು. ಕಥೆ ಇಷ್ಟೆ: ಗಂಡನ ಮನೆಯಲ್ಲಿ ಉಸಿರು ಕಟ್ಟಿದ ಒಬ್ಬಳು ಹೆರಿಗೆ ಮಾಡಿಸುವ ಕೆಲಸ ಕಲಿಯುತ್ತಾಳೆ. ಕೊನೆಗೆ ಒಂದು ಬೆಳಗ್ಗೆ ಕಪ್ಪು ಕೊಡೆ ಹಿಡಿದು ಬಸ್ಸು ಹತ್ತುತ್ತಾಳೆ. ಎಲ್ಲಿಗೆ ಅಂತ ಕಂಡಕ್ಟರ್ ಕೇಳಿದರೆ ನಗುತ್ತಾಳೆ. ಅಷ್ಟೇ, ಪರದೆ ಖಾಲಿ. ಮನೆ ಹತ್ತಿರ ಬಂದ ಮೇಲೆ ಗಿರಿಜೆ ಅಂದಳು, "ಅಣ್ಣ, ಆಕಿ ಎಲ್ಲಿಗ್ ಹೋದ್ಲು ಅಂತ ಹೇಳ್ಲಿಲ್ಲ ನೋಡು, ಅದೇ ಚೆಂದ."

ಅವಳ ಮದುವೆಗೆ ನಾನು ಕೊಟ್ಟದ್ದು ಒಂದು ಹೊಲಿಗೆ ಮೆಷಿನ್ನು. ನಾನೇ ಬಿಚ್ಚಿ ನಾನೇ ಜೋಡಿಸಿದ್ದು. ಜಗಳೂರಿನಲ್ಲಿ ಅವಳ ಅತ್ತೆ ಅದಕ್ಕೆ ಗೋಣಿತಾಟು ಹೊದಿಸಿ ಮೂಲೆಗಿಟ್ಟರು. "ನಮ್ಮನಿ ಸೊಸಿ ಊರ ಮಂದಿ ರವಿಕಿ ಹೊಲಿಯಾಕೆ ಕುಂದ್ರದು ಬ್ಯಾಡ" ಎಂದರು. ಹಾಡು ಗುನುಗಬಾರದು, ಪಕ್ಕದ ಮನೆಗೆ ಹೋಗಬಾರದು. ಸಿನಿಮಾ ಮಾತ್ರ ವರ್ಷಕ್ಕೊಂದು. ದೀಪಾವಳಿಗೆ ನಾನು ತವರಿನ ಸೀರೆ ಹಿಡಿದು ಹೋದಾಗ, ಅತ್ತೆಯ ಜೊತೆಯಲ್ಲಿ, ಮೊದಲನೇ ಆಟ. ವರ್ಷಕ್ಕೊಂದೇ ಎಂದರೆ ಯಾವುದು ಎನ್ನುವುದು ಸಣ್ಣ ಮಾತಲ್ಲ. ಆರಿಸುವ ಹೊಣೆ ನನ್ನದು.

ಎರಡು ವರ್ಷಕ್ಕೆ 'ಮತ್ತೆ ಕಪ್ಪು ಕೊಡೆ' ಬಂತು. ಆಗ ನ್ಯಾಮತಿ ಟೆಂಟಿನ ಆಪರೇಟರ್ ಬಾಷಾ ಸಾಬರ ಮನೆಯಲ್ಲಿ ಅವರ ಹೆಂಡತಿಯ ಮೆಷಿನ್ ರಿಪೇರಿ ಮಾಡುತ್ತಿದ್ದೆ. ನಾನು ಹಿಗ್ಗಿ ಹೇಳಿದರೆ ಅವರು ಬೀಡಿ ಕಚ್ಚಿಕೊಂಡು ನಕ್ಕರು.

"ಮೇಸ್ತ್ರಿ, ಮೊದಲನೇದನ್ನ ಡಿಸ್ಟ್ರಿಬ್ಯೂಟರು ನೋಡಿ ತಗಂಡ್ರು. ಇದನ್ನ ನೋಡದೇನೇ ತಗಂಡಾರೆ. ಹೆಸರಿಗೇ ಯಾಪಾರ ಆಗ್ಹೋಗೈತೆ. ಮಾಡೋನಿಗೆ ಚೆಂದ ಮಾಡಬೇಕು ಅನ್ನೋ ದರ್ದು ಎಲ್ಲೈತ್ರಿ?"

ಮತ್ತೆ ಅವರೇ ಬಿಡಿಸಿ ಹೇಳಿದರು. ವರ್ಷಕ್ಕೆ ಎಷ್ಟೋ ಸಿನಿಮಾಗಳ ರೀಲಿನ ಡಬ್ಬಗಳು ಅವರ ಕೈಯಲ್ಲಿ ಓಡುತ್ತವೆ, ಅದರಲ್ಲಿ ಒಂದು ಸಿನಿಮಾ ಜನರನ್ನು ಹಿಡಿಯುತ್ತದೆ. ಕಥೆ, ಪಾತ್ರಧಾರಿ, ಹಾಡು, ಜನರ ಮನಸ್ಸು, ಎಲ್ಲ ಒಂದೇ ದಿನ ಕೂಡಿಬಂದಿರುತ್ತದೆ. ಎರಡನೆಯ ಭಾಗ ತೆಗೆಯುವುದು ಆ ಒಂದಕ್ಕೇ. ಅಂಥ ಕೂಡುವಿಕೆ ಮತ್ತೊಮ್ಮೆ ಆಗುವುದು ಅಪರೂಪ, ನಾವು ಮಾತ್ರ ಅದನ್ನೇ ಅಳತೆಗೋಲು ಮಾಡಿಕೊಂಡು ಹೋಗಿರುತ್ತೇವೆ. ಅಷ್ಟರಲ್ಲಿ ನಾಯಕಿಯ ಸಂಬಳ ಏರಿರುತ್ತದೆ, ಕಥೆ ಬರೆದವನನ್ನು ಬಿಟ್ಟಿರುತ್ತಾರೆ, ಹಬ್ಬಕ್ಕೆ ಬಿಡುಗಡೆ ಅಂತ ಗಡಿಬಿಡಿ. ಜನ ಚಪ್ಪಾಳೆ ಹೊಡೆದ ಸೀನನ್ನೇ ದೊಡ್ಡದು ಮಾಡಿ ಇಡುತ್ತಾರೆ. ಒಂದು ಕೊಡೆ ಇದ್ದ ಕಡೆ ನೂರು ಕೊಡೆಯ ಕುಣಿತ!

"ಪದ್ಯದ ಪುಸ್ತಕದಾಗೆ ಕಥೆ ಯಾರ್ದು ಅಂತ ಮೊದಲು ನೋಡ್ರಿ" ಎಂದರು ಬಾಷಾ ಸಾಬರು. "ಆಮೇಲೆ ಇದನ್ನ ಕೇಳ್ಕಳ್ರಿ: ಮೊದಲನೇದ್ರಾಗೆ ಹೇಳದು ಏನಾರ ಉಳಿದಿತ್ತಾ, ಇಲ್ಲಾ ಮುಗಿದದ್ದನ್ನ ಕೆಡವಿ ಕಟ್ಟಾಕೆ ಹೊಂಟಾರಾ? ಪೋಸ್ಟರ್ ನಂಬಬ್ಯಾಡ್ರಿ, ಮೊದಲ ದಿನದ ಗದ್ದಲಾನೂ ನಂಬಬ್ಯಾಡ್ರಿ, ಅದು ಹಳೇದ್ರ ಪುಣ್ಯ. ಎರಡನೇ ವಾರ ಹೆಂಗಸರ ಕಡೆ ತುಂಬೈತಾ ನೋಡ್ರಿ. ನೋಡಿದೋರು ಮನಿಗ್ ಹೋಗಿ ಹೇಳಿದ್ರೇನೇ ಎರಡನೇ ವಾರ ತುಂಬೋದು."

ಹೊನ್ನಾಳಿಯಲ್ಲಿ ಎರಡನೆಯ ವಾರ ಹೆಂಗಸರ ಕಡೆ ಕಂಬಗಳಷ್ಟೇ ಕೂತಿದ್ದವು. ಕಣ್ಣಾರೆ ಕಂಡೆ. ಪುಸ್ತಕದಲ್ಲಿ ಕಥೆಗಾರನ ಹೆಸರು ಬೇರೆ. ಎಲ್ಲ ಗೊತ್ತಿದ್ದೂ ಜಗಳೂರಿಗೆ ಹೋಗಿ ಆ ಅತ್ತೆಯ ಮುಂದೆ ಹಲ್ಲು ಕಿರಿದು, "ಬಾಳ ಚೆನ್ನಾಗೈತಂತೆ, ಇದಕ್ಕೇ ಹೋಗೋಣ್ರಿ" ಎಂದೆ. ಯಾಕೆಂದರೆ ಗಿರಿಜೆ ಹಿತ್ತಲಿನಲ್ಲಿ ಪಾತ್ರೆ ತೊಳೆಯುತ್ತ ಹೇಳಿದ್ದಳು, "ಅಣ್ಣ, ಈ ಸಲ ನಿನ್ ಜೊತಿ ಬಂದ್ಬಿಡ್ತೀನಿ. ಮೆಷಿನ್ನೂ ತರ್ತೀನಿ. ಹೊಲ್ಕಂಡು ಇರ್ತೀನಿ, ನಿಂಗೇನ್ ಭಾರ ಆಗಲ್ಲ." ನಾನು, "ಸಂಜಿ ಸಿನಿಮಾ ನೋಡ್ಕಂಬರಾಣ, ಆಮೇಲೆ ಮಾತಾಡಾಣ" ಎಂದಿದ್ದೆ. ಆ ಸಿನಿಮಾ ಅವಳಿಗೆ ಧೈರ್ಯ ಕೊಡಲಿ ಎಂದು ನನಗೆ ನಾನೇ ಹೇಳಿಕೊಂಡೆ.

ಟೆಂಟಿನಲ್ಲಿ ಅವರು ಹೆಂಗಸರ ಕಡೆ, ನಾನು ನಡುವಿನ ಅಡ್ಡಪರದೆಯ ಈಚೆ, ಗಂಡಸರ ಕಡೆ. ಸಿನಿಮಾದಲ್ಲಿ ಆ ಹೆಣ್ಣನ್ನು ಬಸ್ಸಿನಿಂದ ಇಳಿಸಿದರು. ಊರೂರು ಅಲೆಸಿದರು, ಕಾಯಿಲೆ ಬೀಳಿಸಿದರು. ಕೊನೆಗೆ ತಂದು ಗಂಡನ ಕಾಲ ಮೇಲೆ ಕೆಡವಿದರು. ಕೊಡೆಯನ್ನು ಒಲೆಗೆ ಹಾಕಿಸಿದರು. ಗಂಡಸರ ಕಡೆ ಸಿಳ್ಳೆಯೋ ಸಿಳ್ಳೆ. ಹೊರಗೆ ಬಂದಾಗ ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

"ನೋಡಿದೇನವ್ವ ಗಿರಿಜಾ, ಬುದ್ಧಿ ಬಂದ್ ಮ್ಯಾಲೆ ಹೆಂಗ್ ಬಂದ್ಲು!"

ಗಿರಿಜೆ ನನ್ನ ಮುಖ ನೋಡಿದಳು. ನಾನು ಒಂದೇ ಮಾತು ಹೇಳಬೇಕಿತ್ತು, 'ಇದು ಸುಳ್ಳು ಕಣವ್ವ, ಇದನ್ನು ಬರೆದವನಿಗೆ ಆಕೆ ಗೊತ್ತೇ ಇಲ್ಲ' ಎಂದು. ಹೇಳಲಿಲ್ಲ. "ಹೌದ್ರಿ, ಕೊನೆಗೆ ಎಲ್ಲ ಸರಿಹೋಗ್ತತಿ" ಎಂದೆ. ಮರುದಿನ ಬಸ್‌ಸ್ಟ್ಯಾಂಡಿಗೆ ನಾನೊಬ್ಬನೇ ಹೋದೆ. ಅವಳು ಬರುತ್ತೇನೆ ಎನ್ನಲಿಲ್ಲ, ನಾನು ಕೇಳಲಿಲ್ಲ.

ಒಂದು ಸಿನಿಮಾದಿಂದ ಬದುಕು ಹಾಳಾಗುತ್ತದೆಯೇ ಎನ್ನುತ್ತೀರಿ. ಇಲ್ಲ ಮಹಾರಾಯರೇ, ಸಿನಿಮಾದಿಂದಲ್ಲ. ನನ್ನ ಎರಡು ಕೋಣೆಯ ಮನೆ, ಮೂಗು ಮುರಿಯುವ ನನ್ನ ಹೆಂಡತಿ, ಊರವರ ಬಾಯಿ, ಇವೆಲ್ಲ ನೆನೆದು ನನಗೇ ಅವಳು ಬರುವುದು ಬೇಡವಾಗಿತ್ತು. ಬಸ್ಸು ಹೊರಟಾಗ ನನಗೆ ಸಮಾಧಾನವಾಯಿತು. ಈ ಮಾತನ್ನು ಇವತ್ತಿಗೂ ಯಾರಿಗೂ ಹೇಳಿಲ್ಲ.

ಸಮಾಧಾನ ಹಳಸಿದ ಮೇಲೆ ಸಿಟ್ಟು ಬಂತು. ಸಿಟ್ಟನ್ನು ನನ್ನ ಮೇಲೆ ಹಾಕಿಕೊಳ್ಳುವ ಬದಲು ಎಲ್ಲ ಎರಡನೆಯ, ಮೂರನೆಯ ಭಾಗಗಳ ಮೇಲೆ ಹಾಕಿದೆ. "ಮುಂದುವರಿದ ಭಾಗ ಅಂದ್ರೆ ಮೂಸಲೂ ಬೇಡಿ" ಎಂದು ಊರೂರಲ್ಲಿ ಸಾರಿದೆ. ಎಂಬತ್ತರ ದಶಕ ಶುರುವಾಗಿತ್ತು, ದೀಪಾವಳಿಗೆ ಮೊದಲು ಗಿರಿಜೆಯ ಕಾರ್ಡು ಬಂತು. ಕ್ಷೇಮ ಸಮಾಚಾರದ ಕೊನೆಗೆ ಒಂದು ಸಾಲು: 'ಇಲ್ಲಿ ಕೊಡೆ ಸಿನಿಮಾದ ಮೂರನೇದು ಬಂದೈತೆ. ನೋಡಬಹುದಾ ಅಣ್ಣ?' ಪದ್ಯದ ಪುಸ್ತಕ ತಿರುವಲಿಲ್ಲ, ಬಾಷಾ ಸಾಬರನ್ನು ಕೇಳಲಿಲ್ಲ. 'ಬೇಡ' ಎಂದು ಬರೆದು ಹಾಕಿದೆ. ಆ ವರ್ಷ ಮೂವರೂ ಯಾವುದೋ ಭಕ್ತಿ ಸಿನಿಮಾ ನೋಡಿ ಆಕಳಿಸಿದೆವು.

ಅದಾದ ಮೇಲೆ ಒಂದು ಸಂಜೆ ಹೊನ್ನಾಳಿಯಲ್ಲಿ ಬಸ್ಸು ತಪ್ಪಿತು. ಟೆಂಟಿನಲ್ಲಿ ಅದೇ ಮೂರನೆಯ ಭಾಗ, ಎರಡನೆಯ ವಾರ. ಬೇರೆ ದಾರಿಯಿಲ್ಲದೆ ಒಳಗೆ ಹೋದರೆ ಹೆಂಗಸರ ಕಡೆ ಕಾಲಿಡಲು ಜಾಗವಿಲ್ಲ. ಪುಸ್ತಕ ಕೊಂಡೆ. ಮೊದಲನೆಯದರ ಕಥೆಗಾರನೇ ಮರಳಿ ಬಂದಿದ್ದ. ಎರಡನೆಯದು ನಡೆದೇ ಇಲ್ಲ ಎನ್ನುವಂತೆ ಕಥೆ ಅದೇ ಬಸ್ಸಿನಿಂದ ಶುರುವಾಗಿತ್ತು, ಅದೇ ಕಂಡಕ್ಟರ್, ಅದೇ ನಗು. ಮೊದಲನೆಯದರಲ್ಲಿ ಹೇಳದೆ ಉಳಿದದ್ದು ಆಕೆ ಹೋದ ಊರು ಒಂದೇ ಅಲ್ಲವೇ? ಅದನ್ನಷ್ಟೇ ಹೇಳಿದ್ದ. ಮಧ್ಯದ್ದು ಕೆಟ್ಟಿತು ಎಂದು ಮುಂದಿನದೂ ಕೆಡಬೇಕಿಲ್ಲ, ಒಂದೊಂದನ್ನೂ ಅದರ ಗುಣ ನೋಡಿಯೇ ಅಳೆಯಬೇಕು ಎನ್ನುವುದು ನನ್ನಂಥ ಪಂಡಿತನಿಗೆ ಅಲ್ಲಿ ತಿಳಿಯಿತು. ಅಷ್ಟರಲ್ಲಿ ಜಗಳೂರಿನಿಂದ ಆ ಡಬ್ಬಗಳು ಹೋಗಿಯಾಗಿತ್ತು. ಮತ್ತೆ ಬರಲಿಲ್ಲ. ಆ ಸಿನಿಮಾದ ಒಂದು ಪ್ರತಿಯೂ ಉಳಿದಿಲ್ಲವಂತೆ, ಮೊಮ್ಮಗಳು ಫೋನಿನಲ್ಲೆಲ್ಲ ಹುಡುಕಿ ಹೇಳಿದಳು.

ಮೊನ್ನೆ ಪುಸ್ತಕ ಹಿಡಿದುಕೊಂಡೇ ಗಿರಿಜೆಗೆ ಫೋನ್ ಮಾಡಿದೆ. ಅತ್ತೆ, ಗಂಡ ಇಬ್ಬರೂ ಹೋಗಿ ಎಷ್ಟೋ ವರ್ಷವಾಯಿತು. ಮೆಷಿನ್ನು ತುಕ್ಕು ಹಿಡಿದು ಗುಜರಿಗೆ ಹೋಯಿತು. ಹೇಳಲೋ ಬೇಡವೋ ಎಂದುಕೊಂಡೇ ಹೇಳಿದೆ, "ಕೊಡೆ ಸಿನಿಮಾದ ಪುಸ್ತಕ ಸಿಕ್ಕೈತೆ. ಆ ಮೂರನೇದು ಚೆನ್ನಾಗಿತ್ತು ಕಣವ್ವ. ನಾನು ನೋಡದೇನೇ ಬ್ಯಾಡ ಅಂತ ಬರ್ದಿದ್ದೆ."

"ಗೊತ್ತಾತು ಬಿಡು" ಎಂದಳು. "ಪುಸ್ತಕದಾಗೆ ಕಥೆ ಬರ್ದಿರ್ತಾರಲ್ಲ, ಓದು."

ಓದಿದೆ. ಪುಸ್ತಕದ ಕಥೆ ಅರ್ಧಕ್ಕೇ ನಿಲ್ಲುತ್ತದೆ. 'ಆಕೆ ತನ್ನ ಊರಿಗೆ ಮರಳಿದಳೇ? ಬೆಳ್ಳಿತೆರೆಯ ಮೇಲೆ ನೋಡಿ' ಎಂದಿತ್ತು. ನಾನು ನಿಲ್ಲಿಸಿದೆ. ಹಾಲ್‌ನಲ್ಲಿ ಟಿವಿಯ ಸದ್ದೂ ನಿಂತಿತ್ತು. ಮೊಮ್ಮಗಳು ಬಾಗಿಲಲ್ಲಿ ಬಂದು ನಿಂತಿದ್ದಳು.

"ಮುಂದ?" ಎಂದಳು ಗಿರಿಜೆ. "ಬಂದ್ಲಾ?"

"ಇಲ್ಲವ್ವ. ಬರ್ಲಿಲ್ಲ. ಆ ಊರಾಗೇ ಉಳ್ಕಂಡ್ಲು. ಕೊಡಿ ಹಿಡ್ಕಂಡು ಮನಿ ಮನಿಗೆ ಹೋಗಿ ಹೆರಿಗಿ ಮಾಡಿಸ್ಕಂತ ಇದ್ಲು."

ನಾನು ಪುಸ್ತಕ ಮಡಚಿಟ್ಟೆ.

"ಹಂಗಾದ್ರೆ ಅದನ್ನ ನೋಡಬೇಕಿತ್ತು ಅಣ್ಣ" ಎಂದಳು. "ಆಗ ನಂಗಿನ್ನೂ ಬರಾಕೆ ಮನಸಿತ್ತು."